ಧಾರೆಯ ಚಿತ್ರದ ಕೆಳಗೆ ಎರಡು ಸಾಲು

ಮದುವೆಯ ಗದ್ದಲ ಅಡಗಿದೆ. ಊಟದ ಎಲೆಗಳನ್ನು ಎತ್ತಿಯಾಗಿದೆ. ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಟೆಂಪೊಗೆ ಏರಿಸುತ್ತಿದ್ದಾರೆ. ಮುಡಿಯಿಂದ ಮಲ್ಲಿಗೆ ಬಿಡಿಸಿ ಬದಿಗಿಟ್ಟ ಮದುಮಗಳು ಗೋಡೆಗೊರಗಿ ಕೂತು ಮೊಬೈಲು ಕೈಗೆತ್ತಿಕೊಂಡಿದ್ದಾಳೆ. ಗೆಳತಿಯೊಬ್ಬಳು ತೆಗೆದ ಚಿತ್ರವೊಂದು ಆಗಲೇ ಬಂದು ಬಿದ್ದಿದೆ. ಅದನ್ನು ಇನ್‌ಸ್ಟಾಗ್ರಾಂಗೆ ಹಾಕಬೇಕು. ಚಿತ್ರ ಸಿದ್ಧವಿದೆ, ಕೆಳಗಿನ ಖಾಲಿ ಜಾಗ ಮಾತ್ರ ಕಾಯುತ್ತಿದೆ. ಅಲ್ಲಿ ಏನು ಬರೆಯುವುದು? ಕಣ್ಣು ತೇವವಾಗುವಂಥ ಮಾತೋ, ಓದಿದವರು ನಗುವಂಥ ಮಾತೋ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ನಡುವಿನ ದಾರಿಗಳಲ್ಲಿ ಮದುವೆಯ ಕಾಲ ಬಂತೆಂದರೆ ದಿಬ್ಬಣದ ಬಸ್ಸುಗಳದೇ ಓಡಾಟ. ಸಿದ್ಧಕಟ್ಟೆಯ ಹಾದಿಯಲ್ಲಿ ಒಂದು, ವೇಣೂರಿನ ಹಾದಿಯಲ್ಲಿ ಇನ್ನೊಂದು, ಪುಂಜಾಲಕಟ್ಟೆಯ ತಿರುವಿನಲ್ಲಿ ಮತ್ತೊಂದು. ಆ ಬಸ್ಸಿನಲ್ಲಿ ಕೂತ ಪ್ರಾಯದವರಲ್ಲಿ ಬಹಳ ಮಂದಿಗೆ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದೇ. ನೋಡಲು ಪುಟ್ಟ ಪ್ರಶ್ನೆ. ಆದರೆ ಆ ಎರಡು ಸಾಲನ್ನು ಅಪ್ಪನೂ ಓದುತ್ತಾನೆ, ಅತ್ತೆಯೂ ಓದುತ್ತಾಳೆ, ಮುಂಬಯಿಯಲ್ಲಿರುವ ಮಾವನೂ ದುಬೈಯಲ್ಲಿರುವ ಭಾವನೂ ಓದುತ್ತಾರೆ. ಒಮ್ಮೆ ಮನಸ್ಸಿಗೆ ನೆಟ್ಟ ಮಾತನ್ನು ಆಮೇಲೆ ಅಳಿಸಿದರೂ ಅದು ಪೂರ್ತಿ ಅಳಿಯುವುದಿಲ್ಲ.

ಪೇಟೆಯಲ್ಲಿ ಇದಕ್ಕೆ ಸಿದ್ಧ ಸಾಲುಗಳು ಬೇಕಾದಷ್ಟಿವೆ. ‘ಏಳೇಳು ಜನ್ಮದ ಬಂಧ’ ಒಂದು ಬಗೆ. ‘ಇಂದಿನಿಂದ ಜೀವಾವಧಿ ಶಿಕ್ಷೆ’ ಇನ್ನೊಂದು ಬಗೆ. ಮೊದಲನೆಯದು ಭಾವದ ಬುಟ್ಟಿಯಿಂದ, ಎರಡನೆಯದು ನಗೆಯ ಬುಟ್ಟಿಯಿಂದ ಎತ್ತಿಕೊಂಡದ್ದು. ಎರಡರಲ್ಲಿಯೂ ಒಂದೇ ಕೊರತೆ. ಅವು ಯಾರ ಮದುವೆಗೂ ಹೊಂದುತ್ತವೆ, ಆದ್ದರಿಂದ ಯಾರ ಮದುವೆಗೂ ಸೇರಿದವಲ್ಲ. ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮದುವೆಯ ಮನೆಯೇ ಈ ಲೆಕ್ಕವನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದೆ.

ನಗುವಿಗೊಂದು ಹೊತ್ತು

ಮನೆಯ ಅಟ್ಟದಲ್ಲಿ ಹಳೆಯ ಕರೆಯೋಲೆಗಳ ಕಟ್ಟು ಇದ್ದರೆ ಬಿಚ್ಚಿ ನೋಡಬಹುದು. ಮೇಲೆ ದೇವರ ಹೆಸರು, ಅದರ ಕೆಳಗೆ ಮುಹೂರ್ತ, ವಧೂವರರ ಹೆಸರು, ಹಿರಿಯರ ಬಿನ್ನಹ. ಭಾಷೆ ಗಂಭೀರ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬ ಧಾಟಿ. ಆದರೆ ಕೆಲವು ಓಲೆಗಳ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ನಮ್ಮ ಮಾಮನ ಮದುವೆಗೆ ತಪ್ಪದೆ ಬನ್ನಿ’ ಎಂದು ಮನೆಯ ಮಕ್ಕಳ ಹೆಸರಿನಲ್ಲಿ ಒಂದು ಸಾಲು ಇರುತ್ತದೆ. ಇನ್ನೂ ಮಾತು ಬಾರದ ಕೂಸಿನ ಹೆಸರೂ ಅದರಲ್ಲಿ ಸೇರಿರುತ್ತದೆ. ಓದಿದವರು ನಗುತ್ತಾರೆ. ಗಾಂಭೀರ್ಯಕ್ಕೆ ಭಂಗ ಬರಲಿಲ್ಲ, ನಗೆಗೂ ಜಾಗ ಸಿಕ್ಕಿತು. ಒಂದೇ ಕಾಗದದಲ್ಲಿ ಎರಡು ಧಾಟಿ, ಆದರೆ ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಬಾಯಿ.

ಮದುವೆಯ ದಿನದ ಕಲಾಪವೂ ಹೀಗೆಯೇ. ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು ಹೆತ್ತವರು ನೀರೆರೆಯುವ ಧಾರೆಯ ಹೊತ್ತಿನಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ವಾದ್ಯ ಜೋರಾಗುತ್ತದೆ, ಮಾತು ನಿಲ್ಲುತ್ತದೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತೂ ಅಂಥದೇ. ಇವೆರಡರ ನಡುವೆ ನಗೆಗೆ ಬೇಕಾದಷ್ಟು ಅವಕಾಶ. ಬ್ರಾಹ್ಮಣರ ಮದುವೆಗಳಲ್ಲಿ ಉರುಟಣೆ ಎಂದಿದೆ. ಗಂಡು ಹೆಣ್ಣನ್ನು ಎದುರು ಬದುರು ಕೂರಿಸಿ ಅರಸಿನ ಕುಂಕುಮ ಹಚ್ಚಿಸಿ, ಹಾಡಿನಲ್ಲಿಯೇ ಒಬ್ಬರನ್ನೊಬ್ಬರು ಕೆಣಕಲು ಬಿಡುವ ಸಂದರ್ಭ ಅದು. ಬೀಗರ ಹಾಡಿನಲ್ಲಿ ಬೀಗಿತ್ತಿಯ ಜಂಬ, ಬೀಗರ ಹೊಟ್ಟೆಬಾಕತನ ಎಲ್ಲಕ್ಕೂ ಬಾಯಿ ಬರುತ್ತದೆ. ಉತ್ತರ ಕರ್ನಾಟಕದ ಕಡೆ ಒಡಪು ಹೇಳದೆ ಮದುಮಗಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಗಂಡನ ಹೆಸರನ್ನು ಪ್ರಾಸದ ಸಾಲೊಳಗೆ ಸೇರಿಸಿ ಹೇಳಬೇಕು. ಈ ಸೀಮೆಯ ಕ್ರೈಸ್ತರ ಮನೆಗಳಲ್ಲಿ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್‌ನಲ್ಲಿ ಹಾಡು ಮತ್ತು ಗಲಾಟೆ, ಮರುದಿನ ಇಗರ್ಜಿಯಲ್ಲಿ ಮೌನ, ಸಂಜೆಯ ಸಭೆಯಲ್ಲಿ ಟೋಸ್ಟ್. ಟೋಸ್ಟ್ ಹೇಳುವವರು ಮೊದಲು ಮದುಮಗನ ಬಾಲ್ಯದ ಕಿತಾಪತಿ ಹೇಳಿ ನಗಿಸುತ್ತಾರೆ, ಕೊನೆಗೆ ದನಿ ಇಳಿಸಿ ಹರಸುತ್ತಾರೆ.

ಜಾತಿ, ಮತ, ಭಾಷೆ ಯಾವುದೇ ಇರಲಿ, ಹಿರಿಯರು ಕಟ್ಟಿಕೊಂಡ ಕ್ರಮ ಒಂದೇ. ಭಾವವೋ ನಗೆಯೋ ಎಂಬುದನ್ನು ಅವರು ಮನುಷ್ಯರ ಸ್ವಭಾವಕ್ಕೆ ಬಿಡಲಿಲ್ಲ, ಹೊತ್ತಿಗೆ ಬಿಟ್ಟರು. ತಮಾಷೆಯ ಸ್ವಭಾವದ ಸೋದರಮಾವನೂ ಧಾರೆಯ ಹೊತ್ತಿನಲ್ಲಿ ಸುಮ್ಮನಿರುತ್ತಾನೆ. ಗಂಭೀರ ಸ್ವಭಾವದ ಅತ್ತಿಗೆಯೂ ಬೀಗರ ಹಾಡಿಗೆ ದನಿಗೂಡಿಸುತ್ತಾಳೆ.

ಅಡಿಬರಹಕ್ಕೂ ಮೊದಲ ಸೂತ್ರ ಇದೇ. ‘ನಾನು ತಮಾಷೆಯ ಮನುಷ್ಯನೇ’ ಎಂದು ಕೇಳಿಕೊಳ್ಳುವುದಕ್ಕಿಂತ ‘ಈ ಚಿತ್ರ ಯಾವ ಹೊತ್ತಿನದು’ ಎಂದು ಕೇಳಿಕೊಳ್ಳುವುದು ಮೇಲು. ಧಾರೆ, ತಾಳಿ, ನಿಕಾಹ್, ಇಗರ್ಜಿಯ ಪೀಠ, ಬೀಳ್ಕೊಡುಗೆ ಇವುಗಳ ಚಿತ್ರಕ್ಕೆ ಮನಸ್ಸಿನ ಮಾತು. ಉರುಟಣೆ, ಕೊಡದ ನೀರಲ್ಲಿ ಉಂಗುರ ಹುಡುಕುವ ಆಟ, ಊಟದ ಪಂಕ್ತಿ, ಗೆಳೆಯರ ಕುಣಿತ ಇವುಗಳ ಚಿತ್ರಕ್ಕೆ ನಗೆಮಾತು. ಚಿತ್ರವನ್ನು ಮೊದಲು ಆರಿಸಿದರೆ ಧಾಟಿ ಅರ್ಧ ತಾನಾಗಿಯೇ ಗೊತ್ತಾಗುತ್ತದೆ. ತಮಾಷೆಯ ಸಾಲನ್ನೇ ಬರೆಯಬೇಕೆಂದು ಮನಸ್ಸು ಹಟ ಹಿಡಿದರೆ ಸಾಲನ್ನಲ್ಲ, ಚಿತ್ರವನ್ನು ಬದಲಾಯಿಸುವುದು ಸುಲಭದ ದಾರಿ.

ಅರ್ಧ ತೆರೆದ ಕಿಟಕಿ

ಎರಡನೆಯ ಸಂಗತಿ ಇನ್‌ಸ್ಟಾಗ್ರಾಂನ ಏರ್ಪಾಟಿಗೆ ಸೇರಿದ್ದು. ಚಿತ್ರದ ಕೆಳಗೆ 2,200 ಅಕ್ಷರ ಚಿಹ್ನೆಗಳವರೆಗೆ ಬರೆಯಬಹುದು. ಅದು ಒಂದು ಚಿಕ್ಕ ಪತ್ರದಷ್ಟಾಯಿತು. ಆದರೆ ಚಿತ್ರ ಸರಿಸುತ್ತ ಹೋಗುವವರ ಕಣ್ಣಿಗೆ ಅಷ್ಟೂ ಬೀಳುವುದಿಲ್ಲ. ಮೊದಲ ಒಂದೆರಡು ಸಾಲು ಕಾಣಿಸಿ, ಅಲ್ಲಿಗೆ more ಎಂಬ ಪದ ಬಂದು ಉಳಿದದ್ದು ಮುಚ್ಚಿಕೊಳ್ಳುತ್ತದೆ. ಆ ಪದವನ್ನು ಒತ್ತಿದವರಿಗಷ್ಟೆ ಮುಂದಿನ ಮಾತು. ಮದುವೆಯ ಚಿತ್ರಕ್ಕೆ ಮೆಚ್ಚುಗೆಯ ಗುರುತು ಒತ್ತಿ ಮುಂದಕ್ಕೆ ಹೋಗುವ ನೆಂಟರಲ್ಲಿ ಬಹಳಷ್ಟು ಮಂದಿ ಅದನ್ನು ಒತ್ತುವುದಿಲ್ಲ.

ಇದರಿಂದ ಭಾವದ ಮಾತಿಗೂ ನಗೆಯ ಮಾತಿಗೂ ಆಗುವ ಪರಿಣಾಮ ಒಂದೇ ಅಲ್ಲ. ಭಾವದ ಮಾತು ಅರ್ಧಕ್ಕೆ ನಿಂತರೆ ಅಷ್ಟೇನೂ ಕೆಡುವುದಿಲ್ಲ. ‘ಅಮ್ಮ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ’ ಎಂಬಲ್ಲಿಗೆ ಸಾಲು ಕಡಿದರೂ ಓದಿದವರಿಗೆ ಏನೋ ಒಂದು ತಲುಪುತ್ತದೆ. ನಗೆಮಾತಿನ ಕತೆ ಬೇರೆ. ಅದರ ಜೀವ ಇರುವುದು ಕೊನೆಯ ತಿರುವಿನಲ್ಲಿ. ಒಂದು ಉದಾಹರಣೆ ನೋಡಿ. ಮದುಮಗನೊಬ್ಬ ಹೀಗೆ ಬರೆಯುತ್ತಾನೆ ಎಂದುಕೊಳ್ಳೋಣ: ‘ಇವಳನ್ನು ಮದುವೆಯಾಗಬೇಡ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮನೆಯವರು ಹೇಳಿದರು, ಗೆಳೆಯರು ಹೇಳಿದರು, ಕೊನೆಗೆ ಇವಳೇ ಹೇಳಿದಳು. ನಿನ್ನ ಅಡುಗೆ ತಿಂದು ನೋಡಿದ್ದೇನೆ ಮಾರಾಯಾ, ಬೇಡ ಎಂದು.’ ಪೂರ್ತಿ ಓದಿದರೆ ನಗೆ ಬರುತ್ತದೆ, ಹುಡುಗ ತನ್ನನ್ನೇ ಗೇಲಿ ಮಾಡಿಕೊಂಡಿದ್ದಾನೆ ಎಂದು ತಿಳಿಯುತ್ತದೆ. ಆದರೆ ಫೋನಿನಲ್ಲಿ ಮೊದಲಿಗೆ ಕಾಣುವುದು ಏನು? ‘ಇವಳನ್ನು ಮದುವೆಯಾಗಬೇಡ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮನೆಯವರು ಹೇಳಿದರು…’ ಅಷ್ಟೆ. ಹುಡುಗಿಯ ದೊಡ್ಡಪ್ಪ ಅಷ್ಟನ್ನೇ ಓದಿ ಫೋನು ಕೆಳಗಿಟ್ಟರೆ, ಮರುದಿನದ ಬೀಗರೂಟದಲ್ಲಿ ಯಾವ ಮನೆಯವರು, ಏಕೆ ಹೇಳಿದರು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಆದ್ದರಿಂದ ನಗೆಮಾತು ಮೊದಲ ಸಾಲಿನಲ್ಲಿಯೇ ಹುಟ್ಟಿ ಮೊದಲ ಸಾಲಿನಲ್ಲಿಯೇ ಮುಗಿಯಬೇಕು. ‘ಮದಿಮೆ ಆಂಡ್, ನನ ಒಣಸ್ ಮಲ್ಪುಗ’ ಎಂದು ತುಳುವಿನಲ್ಲಿ ಬರೆದರೆ, ಮದುವೆ ಆಯಿತು, ಇನ್ನು ಊಟ ಮಾಡೋಣ ಎಂದರ್ಥ. ಅದರಲ್ಲಿ ಮುಚ್ಚಿಕೊಳ್ಳುವುದಕ್ಕೆ ಏನೂ ಉಳಿದಿಲ್ಲ. ಉದ್ದದ ಮಾತು ಬೇಕೇ ಬೇಕಾದರೆ ಅದು ಭಾವದ ಮಾತಾಗಿರಲಿ, ಅದರಲ್ಲಿಯೂ ಮುಖ್ಯವಾದ ಸಾಲು ಮೊದಲು ಬರಲಿ.

ಇದೇ ಏರ್ಪಾಟಿನಲ್ಲಿ ನಗೆಗೆ ಇನ್ನೊಂದು ಜಾಗವೂ ಇದೆ. ಸ್ಟೋರಿ ಎಂದು ಕರೆಯುವ ಅಲ್ಲಿ ಹಾಕಿದ ಚಿತ್ರ 24 ಗಂಟೆಯಲ್ಲಿ ಮರೆಯಾಗುತ್ತದೆ. ಕ್ಲೋಸ್ ಫ್ರೆಂಡ್ಸ್ ಎಂದು ಪಟ್ಟಿ ಮಾಡಿಕೊಂಡರೆ ಆ ಪಟ್ಟಿಯವರಿಗಷ್ಟೆ ಅದು ಕಾಣುವಂತೆಯೂ ಮಾಡಬಹುದು. ಗೆಳೆಯರ ನಡುವಿನ ಕೀಟಲೆಗೆ ಇದು ಹೇಳಿ ಮಾಡಿಸಿದ್ದು. ಖಾತೆಯ ಪುಟದಲ್ಲಿ ನಿಲ್ಲುವ ಚಿತ್ರ ಜಗಲಿಯ ಗೋಡೆಗೆ ತೂಗುಹಾಕಿದ ಮದುವೆಯ ಫೋಟೋ ಇದ್ದಂತೆ. ಸ್ಟೋರಿ ಎಂಬುದು ಊಟದ ಪಂಕ್ತಿಯಲ್ಲಿ ಆಡಿದ ಮಾತಿನಂತೆ. ಪಂಕ್ತಿಯ ಮಾತನ್ನು ಯಾರೂ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದಿಲ್ಲ.

ಎರಡು ಮನೆಗೆ ಒಂದೇ ಮಾತು

ಮೂರನೆಯದು, ಓದುವವರು ಯಾರು ಎಂಬುದು. 2021ರಲ್ಲಿ ಇನ್‌ಸ್ಟಾಗ್ರಾಂ ಒಂದೇ ಚಿತ್ರವನ್ನು ಇಬ್ಬರ ಖಾತೆಯಲ್ಲಿಯೂ ಒಟ್ಟಿಗೆ ತೋರಿಸುವ ಅನುಕೂಲ ತಂದಿತು. ಕೊಲ್ಯಾಬ್ ಎಂದು ಎಳೆಯರು ಅದನ್ನು ಕರೆಯುತ್ತಾರೆ. ಮದುವೆಯ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ಅನುಕೂಲ ಇಲ್ಲ, ಗಂಡು ಹೆಣ್ಣು ಇಬ್ಬರ ಪುಟದಲ್ಲಿಯೂ ಅದೇ ಚಿತ್ರ. ಆದರೆ ಬರೆಯುವವರು ಒಬ್ಬರೇ. ಹುಡುಗಿ ಹಾಕಿ ಹುಡುಗನನ್ನು ಸೇರಿಸಿಕೊಂಡರೆ ಅವಳ ಮಾತು ಅವನ ಮನೆಯವರಿಗೂ ಅವನ ಹೆಸರಿನ ಜೊತೆಯಲ್ಲಿಯೇ ಕಾಣುತ್ತದೆ. ಹುಡುಗ ಹಾಕಿದರೆ ಇವಳ ಮನೆಯವರಿಗೂ ಹಾಗೆಯೇ.

ಇಲ್ಲಿ ಭಾಷೆಯ ಸೂಕ್ಷ್ಮವೂ ಬರುತ್ತದೆ. ಈ ಮೂರು ತಾಲೂಕುಗಳಲ್ಲಿ ಮನೆಯೊಳಗಿನ ಮಾತು ಹಲವರಿಗೆ ತುಳು, ಕೆಲವರಿಗೆ ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ. ಬರೆಯುವ ಮಾತು ಕನ್ನಡ, ಕಚೇರಿಯ ಮಾತು ಇಂಗ್ಲಿಷ್. ಗಂಡನನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಏಕವಚನ ಬಹುವಚನದ ತೊಡಕಿಲ್ಲ. ಕನ್ನಡದಲ್ಲಿ ಬರೆಯಹೊರಟ ಕೂಡಲೇ ‘ಅವನು’ ಎನ್ನುವುದೋ ‘ಇವರು’ ಎನ್ನುವುದೋ ಎಂದು ನಿರ್ಧರಿಸಬೇಕು. ಆ ಒಂದು ಪದದಲ್ಲಿಯೇ ಧಾಟಿ ಗೊತ್ತಾಗಿಬಿಡುತ್ತದೆ. ‘ಇವರು’ ಎಂದು ಆರಂಭಿಸಿದ ವಾಕ್ಯದಲ್ಲಿ ಕೀಟಲೆ ಮಾಡಿದರೆ ಅದು ಮೆಲ್ಲಗಿನ ಕೀಟಲೆಯಾಗುತ್ತದೆ. ‘ಅವನು’ ಎಂದು ಆರಂಭಿಸಿದ ವಾಕ್ಯವನ್ನು ಕಾಲೇಜಿನ ಗೆಳತಿಯರು ಸಲುಗೆಯೆಂದು ಓದುತ್ತಾರೆ, ಅತ್ತೆಯ ಮನೆಯ ಹಿರಿಯರಲ್ಲಿ ಕೆಲವರು ಬೇರೆಯಾಗಿ ಓದಬಹುದು. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ. ಗಂಡ ಹೆಂಡತಿ ಮನೆಯಲ್ಲಿ ಹೇಗೆ ಕರೆದುಕೊಳ್ಳುತ್ತಾರೋ ಹಾಗೆಯೇ ಬರೆದರೆ ಮಾತು ಸಹಜವಾಗಿರುತ್ತದೆ. ತೊಂದರೆ ಬರುವುದು ದಿನವೂ ಏಕವಚನದಲ್ಲಿ ಕರೆಯುವವರು ಮದುವೆಯ ದಿನ ಮಾತ್ರ ‘ನನ್ನ ಪ್ರಾಣನಾಥ’ ಎಂದು ಬರೆದಾಗ. ಅದನ್ನು ಭಾವ ಎಂದು ಅವಳು ಬರೆದಿರುತ್ತಾಳೆ, ತಮಾಷೆ ಎಂದು ಓದುವವರು ತಿಳಿಯುತ್ತಾರೆ.

ತುಳುವಿನ ಚಟಾಕಿಯನ್ನು ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಸುವುದರಲ್ಲಿಯೂ ಇಂಥದೇ ಅಪಾಯ ಇದೆ. ಮನೆಮಾತಿನಲ್ಲಿ ಅಕ್ಕರೆಯಿಂದ ಬೈಯುವ ಬೈಗುಳ ಬರಹದ ಕನ್ನಡಕ್ಕೆ ಬಂದ ಕೂಡಲೇ ನಿಜವಾದ ಬೈಗುಳವಾಗಿಬಿಡುತ್ತದೆ. ದನಿಯೂ ಇಲ್ಲ, ಮುಖದ ನಗುವೂ ಇಲ್ಲ. ನಗೆಮಾತು ಹುಟ್ಟಿದ ಭಾಷೆಯಲ್ಲಿಯೇ ಇದ್ದರೆ ಒಳ್ಳೆಯದು. ಆ ಭಾಷೆ ತಿಳಿಯದವರಿಗೆ ಅದು ತಿಳಿಯದೇ ಹೋದರೂ ಚಿಂತೆಯಿಲ್ಲ.

ಅಪ್ಪನ ಪಂಚೆ

ಇನ್ನು ಒಂದು ಸಂದರ್ಭವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಹುಡುಗಿ ಬಂಟ್ವಾಳದ ಕಡೆಯವಳು, ಹುಡುಗ ಬೆಳ್ತಂಗಡಿಯ ಕಡೆಯವನು, ಮದುವೆ ನಡೆದದ್ದು ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಎಂದು ಭಾವಿಸಿಕೊಳ್ಳೋಣ. ಆರಿಸಿದ ಚಿತ್ರ ಧಾರೆಯದು. ಹುಡುಗಿಯ ಅಪ್ಪ ಕೈಯಲ್ಲಿ ಗಿಂಡಿ ಹಿಡಿದು ನೀರೆರೆಯುತ್ತಿದ್ದಾರೆ. ಕೆಳಗೆ ಇಬ್ಬರ ಜೋಡಿಸಿದ ಕೈ. ಅಪ್ಪನ ಮುಖ ಬಿಗಿದುಕೊಂಡಿದೆ. ಹುಡುಗಿ ತಲೆ ತಗ್ಗಿಸಿದ್ದಾಳೆ.

ಮೊದಲ ಪ್ರಯತ್ನ ಹುಡುಗನದು: ‘ಸ್ವಾತಂತ್ರ್ಯ ಕಳೆದುಕೊಂಡ ದಿನ.’ ಮೊದಲ ಸಾಲಿನಲ್ಲಿಯೇ ಮುಗಿಯುತ್ತದೆ, ನಿಜ. ಆದರೆ ಹೊತ್ತು ಧಾರೆಯದು. ಅದಕ್ಕಿಂತ ಹೆಚ್ಚಾಗಿ, ನಗೆಯ ಬಾಣ ಯಾರ ಕಡೆಗೆ ಹೋಗುತ್ತಿದೆ ಎಂದು ನೋಡಬೇಕು. ಸ್ವಾತಂತ್ರ್ಯ ಕಸಿದುಕೊಂಡವರು ಯಾರು? ಪಕ್ಕದಲ್ಲಿ ತಲೆ ತಗ್ಗಿಸಿ ಕೂತವಳು. ಊರು, ಮನೆ, ಮಲಗುವ ಕೋಣೆ ಎಲ್ಲ ಬಿಟ್ಟು ಹೊರಟು ನಿಂತವಳೂ ಅವಳೇ. ಅವಳ ಅಪ್ಪ ಅದೇ ಚಿತ್ರದಲ್ಲಿ ನೀರೆರೆಯುತ್ತ ನಿಂತಿದ್ದಾರೆ. ಅವರ ಮುಂದೆ ನಿಂತು ಈ ಮಾತನ್ನು ಗಟ್ಟಿಯಾಗಿ ಓದಿ ಹೇಳಲು ಸಾಧ್ಯವೇ? ಸಾಧ್ಯವಿಲ್ಲ ಎಂದಾದರೆ ಅದು ಆ ಚಿತ್ರದ ಕೆಳಗೆ ಇರಬಾರದು.

ಎರಡನೆಯ ಪ್ರಯತ್ನ ಹುಡುಗಿಯದು: ‘ಎರಡು ಹೃದಯಗಳ ಮಿಲನ, ಎರಡು ಕುಟುಂಬಗಳ ಸಂಗಮ, ಹಿರಿಯರ ಆಶೀರ್ವಾದದೊಂದಿಗೆ ಹೊಸ ಬಾಳಿನ ಹೊಸ್ತಿಲಲ್ಲಿ.’ ಯಾರಿಗೂ ನೋವಿಲ್ಲ. ಆದರೆ ಈ ಮಾತಿನಲ್ಲಿ ಅಪ್ಪ ಎಲ್ಲಿದ್ದಾರೆ? ಅವರು ಹಿರಿಯರ ಗುಂಪಿನಲ್ಲಿ ಕಳೆದುಹೋಗಿದ್ದಾರೆ. ಚಿತ್ರ ತೋರಿಸುತ್ತಿರುವುದು ಒಬ್ಬ ಮನುಷ್ಯನ ಕೈಯನ್ನು, ಮಾತು ಹೇಳುತ್ತಿರುವುದು ಯಾವ ಮದುವೆಗೂ ಸಲ್ಲುವುದನ್ನು. ಭಾವದ ಮಾತು ಕೆಡುವುದು ಹೆಚ್ಚಾಗಿ ಈ ಕಾರಣದಿಂದಲೇ, ದೊಡ್ಡ ಪದಗಳು ಬಂದು ಕಣ್ಣಿಗೆ ಕಂಡ ಸಂಗತಿಯನ್ನು ಮುಚ್ಚಿಬಿಡುತ್ತವೆ. ಕವಿಗಳ ಪ್ರೇಮಗೀತೆಯ ಸಾಲನ್ನು ಎತ್ತಿ ಹಾಕಿದರೂ ಆಗುವುದು ಇಷ್ಟೆ. ಸಾಲು ಚೆನ್ನಾಗಿರುತ್ತದೆ, ಅದು ಬೇರೆಯವರ ಮನೆಯದು.

ಮೂರನೆಯ ಪ್ರಯತ್ನಕ್ಕೆ ಮುಂಚೆ ಇಬ್ಬರೂ ಚಿತ್ರವನ್ನು ಇನ್ನೊಮ್ಮೆ ನೋಡುತ್ತಾರೆ. ಆ ಹೊತ್ತಿನಲ್ಲಿ ನಿಜವಾಗಿ ಆದದ್ದೇನು ಎಂದು ನೆನಪು ಮಾಡಿಕೊಳ್ಳುತ್ತಾರೆ. ಅಪ್ಪನ ಕೈ ನಡುಗಿತ್ತು. ನೀರು ಇವರ ಕೈಯ ಮೇಲೆ ಬಿದ್ದದ್ದಕ್ಕಿಂತ ಅವರ ಪಂಚೆಯ ಮೇಲೆ ಬಿದ್ದದ್ದೇ ಹೆಚ್ಚು. ಆಮೇಲೆ ಊಟಕ್ಕೆ ಕೂತಾಗ ಅವರು ಒದ್ದೆ ಪಂಚೆಯಲ್ಲಿಯೇ ಕೂತಿದ್ದರು. ಇದನ್ನೇ ಬರೆಯುತ್ತಾರೆ:

‘ಧಾರೆ ಎರೆಯುವಾಗ ಅಪ್ಪನ ಕೈ ನಡುಗಿತು. ನಮ್ಮ ಕೈಗಿಂತ ಹೆಚ್ಚು ನೀರು ಅವರ ಪಂಚೆಗೇ ಬಿತ್ತು.’

ಇದು ಭಾವವೋ, ನಗೆಯೋ? ನೀರು ಪಂಚೆಗೆ ಬಿದ್ದದ್ದು ನಗೆ. ಕೈ ನಡುಗಿದ್ದು ಭಾವ. ಓದಿದವರ ತುಟಿ ಮೊದಲು ಅರಳುತ್ತದೆ, ಕೈ ಏಕೆ ನಡುಗಿತು ಎಂದು ಹೊಳೆದಾಗ ಮೌನ ಬರುತ್ತದೆ. ಅಪ್ಪನಿಗೆ ಓದಿ ಹೇಳಿದರೆ ಅವರೂ ನಕ್ಕಾರು. ಎರಡೇ ವಾಕ್ಯ, ಮುಚ್ಚಿಕೊಳ್ಳುವುದು ಏನೂ ಇಲ್ಲ. ಹುಡುಗನ ಮನೆಯವರಿಗೂ ಇರಸುಮುರಸಿಲ್ಲ. ಬೇರೆ ಯಾವ ಮದುವೆಗೂ ಇದನ್ನು ಎತ್ತಿ ಹಾಕಲು ಬರುವುದಿಲ್ಲ. ಇದರಲ್ಲಿ ಬರೆದವರ ಜಾಣತನ ಎಂದು ಹೇಳುವಂಥದ್ದು ಏನೂ ಇಲ್ಲ, ಕಂಡದ್ದನ್ನು ಕಂಡಂತೆ ಹೇಳಿದ್ದಷ್ಟೆ. ಭಾವ ಮತ್ತು ನಗೆ ಎರಡೂ ಒಟ್ಟಿಗೆ ಸಾಧ್ಯವಾಗುವುದು ಹೀಗೆ ಕಣ್ಣಿಗೆ ಬಿದ್ದ ಒಂದು ಸಣ್ಣ ವಿವರದಿಂದಲೇ ಹೊರತು, ಅರ್ಧ ಭಾವ ಅರ್ಧ ನಗೆ ಎಂದು ಅಳೆದು ಬೆರೆಸುವುದರಿಂದಲ್ಲ.

ಬೆರೆಸಿದರೆ ಏನಾಗುತ್ತದೆ? ‘ನನ್ನ ಬಾಳಿನ ಬೆಳಕು, ನನ್ನ ಉಸಿರು… ಇನ್ನು ಎಟಿಎಂ ಕಾರ್ಡು ನಿನ್ನದೇ’ ಎಂಬಂಥ ಸಾಲು ಹುಟ್ಟುತ್ತದೆ. ಕೊನೆಯ ಮಾತು ಮೊದಲಿನ ಮಾತನ್ನು ಸುಳ್ಳು ಮಾಡುತ್ತದೆ. ಹೇಳಿದ್ದು ನಾಚಿಕೆಯಾಗಿ ಹಿಂದಕ್ಕೆ ತೆಗೆದುಕೊಂಡಂತೆ ಕಾಣುತ್ತದೆ.

ಹಾಸ್ಯಗಾರನಿಂದ ಕಲಿಯುವುದು

ರಾತ್ರಿಯಿಡೀ ಯಕ್ಷಗಾನ ನೋಡಿದ ಈ ಸೀಮೆಯ ಜನಕ್ಕೆ ಹಾಸ್ಯಗಾರನ ಕೆಲಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದೂತನಾಗಿ, ಸೇವಕನಾಗಿ, ಮುದುಕಿಯಾಗಿ ಬಂದು ಅವನು ದೊರೆಯ ಎದುರಿಗೇ ಮಾತಾಡುತ್ತಾನೆ. ಆದರೆ ಒಳ್ಳೆಯ ಹಾಸ್ಯಗಾರ ಕರುಣ ರಸದ ಪದ ನಡೆಯುತ್ತಿರುವಾಗ ನಡುವೆ ಬಾಯಿ ಹಾಕುವುದಿಲ್ಲ. ಇನ್ನೊಂದು ಸಂಗತಿ, ಅವನ ನಗೆಯಲ್ಲಿ ಹೆಚ್ಚಿನ ಪಾಲು ಅವನ ಮೇಲೆಯೇ ಬೀಳುತ್ತದೆ. ಅವನ ಹೆದರಿಕೆ, ಅವನ ಹೊಟ್ಟೆ, ಅವನ ಪೆದ್ದುತನ. ಆದ್ದರಿಂದಲೇ ದೊರೆಯನ್ನು ಕುಟುಕಿದರೂ ಸಹಿಸಿಕೊಳ್ಳುತ್ತಾರೆ.

ಮದುವೆಯ ಅಡಿಬರಹದಲ್ಲಿ ನಗೆಯ ದಿಕ್ಕು ಇದೇ ಆಗಿದ್ದರೆ ಕ್ಷೇಮ. ತನ್ನ ಮೇಲೆ ನಗಬಹುದು: ಜಾರುತ್ತಿದ್ದ ಪೇಟ, ಉಡಲು ಬಾರದ ಕಚ್ಚೆ, ಹೊಗೆಗೆ ಸುರಿದ ಕಣ್ಣೀರು. ಸೆಕೆಯ ಮೇಲೆ ನಗಬಹುದು, ಮಳೆಯ ಮೇಲೆ ನಗಬಹುದು, ಫೋಟೋಗ್ರಾಫರು ಹದಿನೈದು ಸಲ ಹಾರ ಹಾಕಿಸಿದ್ದರ ಮೇಲೆ ನಗಬಹುದು. ಸಂಗಾತಿಯ ಬಣ್ಣ, ಮೈಕಟ್ಟು, ವಯಸ್ಸು, ಸಂಬಳ ಇವುಗಳ ಮೇಲೆ ನಗುವುದು ಒಬ್ಬರೇ ನಗುವ ನಗೆ. ಕೊಟ್ಟದ್ದು ತಂದದ್ದರ ಮೇಲಿನ ತಮಾಷೆಯಂತೂ ಬೇಡವೇ ಬೇಡ. ವರದಕ್ಷಿಣೆ 1961ರ ಕಾಯಿದೆಯಿಂದಲೇ ಅಪರಾಧ, ಆ ಮಾತಿನ ಹಿಂದೆ ಎಷ್ಟೋ ಮನೆಗಳ ಕಣ್ಣೀರಿದೆ.

ಹಾಗೆಂದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೆಣಕಬಾರದೇ? ಕೆಣಕಬೇಕು. ಮೂಡುಬಿದಿರೆಯ ನೆರೆಯ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣ ಇದಕ್ಕೆ ಸಾಕ್ಷಿ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಆ ಕವಿ ‘ಶ್ರೀರಾಮಾಶ್ವಮೇಧಂ’ ಗ್ರಂಥದಲ್ಲಿ ರಾಮನ ಕತೆಯನ್ನು ಹೆಂಡತಿ ಮನೋರಮೆಗೆ ಹೇಳುವಂತೆ ಬರೆದ. ಇಂದಿಗೂ ಜನ ನೆನೆಯುವುದು ಆ ಕತೆಗಿಂತ ಹೆಚ್ಚಾಗಿ ಇಬ್ಬರ ಸಲ್ಲಾಪವನ್ನು. ಮನೋರಮೆ ನಡುವೆ ಬಾಯಿ ಹಾಕುತ್ತಾಳೆ, ತಿಳಿಯದ ಸಂಸ್ಕೃತ ಪದಕ್ಕೆ ಅರ್ಥ ಕೇಳುತ್ತಾಳೆ, ಕವಿಯ ಪಾಂಡಿತ್ಯದ ಬಿಂಕವನ್ನು ಇಳಿಸುತ್ತಾಳೆ. ಅಲ್ಲಿ ಗಮನಿಸಬೇಕಾದದ್ದು ಒಂದಿದೆ. ಬರೆಯುತ್ತಿರುವವನು ಗಂಡ, ಲೇಖನಿ ಅವನ ಕೈಯಲ್ಲಿ. ಆದರೂ ಮಾತಿನಲ್ಲಿ ಗೆಲ್ಲುವ ಅವಕಾಶವನ್ನು ಅವನು ಮತ್ತೆ ಮತ್ತೆ ಹೆಂಡತಿಗೆ ಕೊಡುತ್ತಾನೆ. ಲೇಖನಿ ಯಾರ ಕೈಯಲ್ಲಿದೆಯೋ ಅವರು ಸೋಲುವುದು ಒಳ್ಳೆಯ ದಾಂಪತ್ಯ ಹಾಸ್ಯದ ಗುಟ್ಟು. ಕೊಲ್ಯಾಬ್ ಚಿತ್ರಕ್ಕೂ ಈ ಮಾತು ಹೊಂದುತ್ತದೆ. ಬರೆಯುವವರು ತಾವು ಸೋತ ಪ್ರಸಂಗ ಬರೆದರೆ ಇನ್ನೊಬ್ಬರು ಖುಷಿಯಿಂದ ಒಪ್ಪಿಕೊಳ್ಳುತ್ತಾರೆ.

ಎರಡೂ ಹೊಳೆಯದಿದ್ದರೆ

ಕೆಲವು ಮದುವೆಗಳಲ್ಲಿ ಎರಡೂ ಧಾಟಿ ಕಷ್ಟ. ಧಾರೆ ಎರೆಯಬೇಕಾದ ಅಪ್ಪ ಹೋದ ವರ್ಷ ತೀರಿಕೊಂಡಿದ್ದಾರೆ, ಚಿಕ್ಕಪ್ಪ ಆ ಜಾಗದಲ್ಲಿ ನಿಂತಿದ್ದಾರೆ. ಅಲ್ಲಿ ತಮಾಷೆ ನಾಲಿಗೆಗೆ ಬರುವುದಿಲ್ಲ, ಭಾವದ ಮಾತು ಬರೆಯಹೋದರೆ ಅಮ್ಮನ ಗಾಯ ಕೆದಕಿದಂತಾಗುತ್ತದೆಯೋ ಎಂಬ ಅಳುಕು. ಇನ್ನು ಕೆಲವೆಡೆ ಎರಡು ಮನೆಯ ನಡುವೆ ಇನ್ನೂ ಮಾತು ಸರಿಹೋಗಿಲ್ಲ, ಯಾವ ಮಾತಿಗೂ ಯಾರೋ ಅರ್ಥ ಕಟ್ಟುತ್ತಾರೆ.

ಅಂಥ ಕಡೆ ಹಳೆಯ ಸ್ಟುಡಿಯೋದವರ ಪದ್ಧತಿ ನೆನಪಿಗೆ ಬರುತ್ತದೆ. ಕಪ್ಪು ಬಿಳುಪಿನ ಫೋಟೋವನ್ನು ದಪ್ಪ ರಟ್ಟಿಗೆ ಅಂಟಿಸಿ ಅಂಚಿನಲ್ಲಿ ಹೆಸರು, ದಿನಾಂಕ, ಊರು ಇಷ್ಟೇ ಬರೆದು ಕೊಡುತ್ತಿದ್ದರು. ಭಾವವೂ ಇಲ್ಲ, ನಗೆಯೂ ಇಲ್ಲ. ಆ ಫೋಟೋ ಮನೆಯ ಗೋಡೆಯಲ್ಲಿ ಐವತ್ತು ವರ್ಷ ನಿಲ್ಲುತ್ತದೆ. ಅದನ್ನು ನೋಡಿದವರಾರೂ ಮಾತು ಕಡಿಮೆಯಾಯಿತು ಎಂದದ್ದಿಲ್ಲ. ಉಳಿದದ್ದನ್ನು ಬಂದವರಿಗೆ ಮನೆಯವರೇ ಬಾಯಲ್ಲಿ ಹೇಳುತ್ತಾರೆ.

ಹೊತ್ತಿನ ವಿಷಯವೂ ಒಂದಿದೆ. ಮದುವೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಬರೆದ ಭಾವದ ಮಾತು ಉಕ್ಕಿ ಹರಿಯುತ್ತದೆ, ನಗೆಯ ಮಾತು ಅಳತೆ ತಪ್ಪುತ್ತದೆ. ಬರೆದಿಟ್ಟು ಬೆಳಿಗ್ಗೆ ಕಾಫಿ ಕುಡಿದು ಇನ್ನೊಮ್ಮೆ ಓದಿದರೆ ಹೆಚ್ಚು ಕಡಿಮೆ ತಾನಾಗಿಯೇ ಕಾಣುತ್ತದೆ. ಹಾಕಿದ ಮೇಲೂ ತಿದ್ದಲು ಬರುತ್ತದೆ ನಿಜ. ಆದರೆ ಮೊದಲ ಗಂಟೆಯಲ್ಲಿ ನೋಡುವವರು ಹತ್ತಿರದ ನೆಂಟರೇ. ಅವರು ಓದಿದ ಮಾತನ್ನು, ಇಲ್ಲವೇ ಫೋನಿನಲ್ಲಿ ಪಡಿಯಚ್ಚು ತೆಗೆದಿಟ್ಟ ಮಾತನ್ನು ತಿದ್ದಲು ಬರುವುದಿಲ್ಲ.

ಮೂಡುಬಿದಿರೆಯ ಆ ಸಭಾಭವನದ ಹೊರಗೆ ಟೆಂಪೊ ಹೊರಟಿದೆ. ಮದುಮಗಳು ಬರೆದದ್ದನ್ನು ಹಾಕುವ ಮೊದಲು ಅಪ್ಪನ ಹತ್ತಿರ ಹೋಗಿ ಓದಿ ಹೇಳುತ್ತಾಳೆ. ಅವರು ಪಂಚೆಯತ್ತ ಒಮ್ಮೆ ನೋಡಿಕೊಂಡು, ‘ಇನ್ನೂ ಒಣಗಿಲ್ಲ ಮಗಾ’ ಎನ್ನುತ್ತಾರೆ. ಆಮೇಲೆ ಅವಳು ಗುಂಡಿ ಒತ್ತುತ್ತಾಳೆ.